ನಯಾಸಿನಮೈಡ್ ಸೀರಮ್ 10% ಬಿಟ್ಟು 5%ಕ್ಕೆ ಇಳಿದ ಮೇಲೆ ಜಿಡ್ಡು ಹತೋಟಿಗೆ ಬಂತು: ನನ್ನ ಅನುಭವ

ಮಂಗಳೂರಿನ ಸೆಕೆಯಲ್ಲಿ ಪಾರ್ಲರ್ ನಡೆಸುವವರಿಗೆ ಎಣ್ಣೆ ಮುಖ ಅಂದರೇನು ಅಂತ ಹೇಳಿಕೊಡಬೇಕಾಗಿಲ್ಲ. ಬೆಳಿಗ್ಗೆ ಹತ್ತಕ್ಕೆ ತೊಳೆದ ಮುಖ ಮಧ್ಯಾಹ್ನಕ್ಕೆ ಹೊಳೆಯುತ್ತದೆ, ಮೂಗಿನ ಪಕ್ಕ, ಕೆನ್ನೆಯ ಮೇಲೆ ತೂತು ತೂತು ಎದ್ದು ಕಾಣುತ್ತದೆ. ನನ್ನಲ್ಲಿಗೆ ಬರುವವರಲ್ಲಿ ಅರ್ಧದಷ್ಟು ಜನ "ಅಕ್ಕ, ಈ ಪೋರ್ಸ್ ಮುಚ್ಚಿಸಿ ಕೊಡಿ" ಅಂತಲೇ ಕೇಳುವುದು.

ನಯಾಸಿನಮೈಡ್ ಅಂದರೆ ವಿಟಮಿನ್ ಬಿ3ಯ ಒಂದು ರೂಪ, ಎಣ್ಣೆ ಮುಖಕ್ಕೆ ಹಚ್ಚುವ ಸೀರಮ್‌ಗಳಲ್ಲಿರುತ್ತದೆ. ಅದು ಬಂದ ಹೊಸದರಲ್ಲಿ ನಾನೂ ಎಲ್ಲರಂತೆ 10% ಸೀರಮ್ಮನ್ನೇ ಕೊಡುತ್ತಿದ್ದೆ. ಆಗ ಸಿಕ್ಕುತ್ತಿದ್ದುದೇ ಅದು. ಕೆಲವರಿಗೆ ಚೆನ್ನಾಗಿ ಒಗ್ಗಿತು. ಆದರೆ ನಾಲ್ಕೈದು ಜನಕ್ಕೆ ಒಬ್ಬರಾದರೂ ಉರಿ, ಕೆಂಪು ಅಂತ ವಾಪಸ್ ಬರುತ್ತಿದ್ದರು. ಅರ್ಧ ಮುಗಿದ ಬಾಟಲಿಗೆ ದುಡ್ಡು ವಾಪಸ್ ಕೊಟ್ಟು ಒಂದು ವರ್ಷದಲ್ಲಿ ಆರೇಳು ಸಾವಿರ ಕೈಬಿಟ್ಟಿತು. ನಾನು 5%ಕ್ಕೆ ಇಳಿಯುತ್ತೇನೆ ಅಂದಾಗ ಮಾಲು ತರುವವನು "ಅಷ್ಟರಲ್ಲಿ ಏನೂ ತಾಗುವುದಿಲ್ಲ ಮೇಡಂ" ಅಂದ. ಪಕ್ಕದ ಬೀದಿಯ ಪಾರ್ಲರ್‌ನವರು ಆಸಿಡ್ ಹಚ್ಚಿ ಚರ್ಮದ ಮೇಲ್ಪದರ ಸುಲಿಸುವ ಕೆಮಿಕಲ್ ಪೀಲ್ ಬಿಟ್ಟರೆ ಬೇರೆ ದಾರಿಯಿಲ್ಲ ಅಂದರು. ನನಗೆ ಧೈರ್ಯ ಕೊಟ್ಟಿದ್ದು 2006ರಲ್ಲಿ ಪ್ರಕಟವಾದ ಒಂದು ಅಧ್ಯಯನ. ಅದರಲ್ಲಿ ಜಪಾನಿನವರ ಮುಖಕ್ಕೆ ಬರೀ 2% ಹಚ್ಚಿದ್ದರು. ನಾಲ್ಕು ವಾರದೊಳಗೆ ಎಣ್ಣೆ ಸುರಿಯುವುದು ಕಡಿಮೆಯಾಗಿತ್ತು. ಎರಡೇ ಸಾಕಾದರೆ ಹತ್ತು ಯಾಕೆ, ಅಲ್ವಾ?

ಒಂದು ಮುಖದ ಕತೆ ಪೂರ್ತಿ ಹೇಳುತ್ತೇನೆ. ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುವ ಹುಡುಗಿ, ಇಪ್ಪತ್ತಾರರ ಆಸುಪಾಸು. ಸ್ಯಾಲಿಸಿಲಿಕ್ ಫೇಸ್‌ವಾಶ್‌ನಲ್ಲಿ ದಿನಕ್ಕೆ ನಾಲ್ಕು ಸಲ ಮುಖ ತೊಳೆಯುತ್ತಿದ್ದಳು. ಮೇಲಿಂದ ಎರಡು ಹೊತ್ತೂ 10% ಸೀರಮ್, ವಾರಕ್ಕೊಮ್ಮೆ ಮುಲ್ತಾನಿ ಮಿಟ್ಟಿ. ಕೆನ್ನೆ ಬಿಗಿದುಕೊಂಡು ಕೆಂಪಾಗಿತ್ತು, ಮೂಗು ಮಾತ್ರ ಮೊದಲಿನಂತೆಯೇ ಜಿಡ್ಡು. ಬರೀ ನೀರು ಬಿದ್ದರೂ ಕೆನ್ನೆ ಚುರುಗುಟ್ಟುತ್ತದೆ ಅಂದಳು. ಆ ಮಾತು ಕೇಳಿದ ಕೂಡಲೇ ಸೀರಮ್ ನಿಲ್ಲಿಸಬೇಕು. ಚರ್ಮದ ಮೇಲ್ಪದರವೇ ಹಾಳಾಗಿರುವಾಗ ಏನು ಹಚ್ಚಿದರೂ ಉರಿಯುತ್ತದೆ, ಅದಕ್ಕೆ ನಯಾಸಿನಮೈಡ್ ಒಂದನ್ನೇ ದೂರಿ ಪ್ರಯೋಜನವಿಲ್ಲ.

ಮೊದಲ ಎರಡು ವಾರ ಎಲ್ಲಾ ಬಂದ್. ಎರಡು ಹೊತ್ತು ಸೌಮ್ಯ ಫೇಸ್‌ವಾಶ್, ವಾಸನೆಯಿಲ್ಲದ ಜೆಲ್ ಮಾಯಿಶ್ಚರೈಸರ್, ಬೆಳಿಗ್ಗೆ ಸನ್‌ಸ್ಕ್ರೀನ್. ಅಷ್ಟೇ. ಉರಿ ಪೂರಾ ನಿಂತ ಮೇಲೆ ದವಡೆಯ ಪಕ್ಕ ನಾಲ್ಕೈದು ರಾತ್ರಿ 5% ಹಚ್ಚಿ ನೋಡಿದೆವು. ಏನೂ ಆಗಲಿಲ್ಲ. ಆಮೇಲೆ ದಿನ ಬಿಟ್ಟು ದಿನ ರಾತ್ರಿ, ಇಡೀ ಮುಖಕ್ಕೆ ಮೂರೇ ಹನಿ. ಮುಖ ತೊಳೆದು ಒರೆಸಿ, ಚೆನ್ನಾಗಿ ಆರಿದ ಮೇಲೆ ಹಚ್ಚಬೇಕು. ಒದ್ದೆ ಮುಖಕ್ಕೆ ಹಚ್ಚಿದರೆ ಚುರುಗುಟ್ಟುವುದು ಜಾಸ್ತಿ ಅನ್ನುವುದು ನಾನು ಕಂಡದ್ದು. ಮೇಲಿಂದ ಅದೇ ಜೆಲ್. ಹಾಗೆ ಸೀರಮ್ ಶುರು ಮಾಡಿದ ಮೂರನೆಯ ವಾರದಿಂದ ದಿನಾ ರಾತ್ರಿ, ಒಂದೂವರೆ ತಿಂಗಳ ಮೇಲೆ ಬೆಳಿಗ್ಗೆಯೂ.

ಗುಣವಾಗಿದೆಯೋ ಇಲ್ಲವೋ ಅಂತ ಕನ್ನಡಿ ನೋಡಿ ಹೇಳಲಿಕ್ಕಾಗುವುದಿಲ್ಲ. ದಿನಾ ನೋಡುವ ಮುಖ ಬದಲಾದದ್ದು ಗೊತ್ತೇ ಆಗುವುದಿಲ್ಲ. ನಾನು ಬಳಸುವುದು ಎಣ್ಣೆ ಹೀರುವ ಹಾಳೆ. ಮುಖ ತೊಳೆದು ನಾಲ್ಕು ಗಂಟೆ ಬಿಟ್ಟು ಮೂಗಿಗೆ, ಎರಡೂ ಕೆನ್ನೆಗೆ ಒಂದೊಂದು ಹಾಳೆ ಒತ್ತಿ, ಟ್ಯೂಬ್‌ಲೈಟ್‌ಗೆ ಹಿಡಿಯುವುದು. ಅವಳ ಮೊದಲ ಹಾಳೆ ಅಂಚಿನವರೆಗೂ ಪಾರದರ್ಶಕವಾಗಿತ್ತು, ಹಿಂದೆ ಹಿಡಿದ ನನ್ನ ಬೆರಳು ಕಾಣುತ್ತಿತ್ತು. ಆರನೆಯ ವಾರದ ಹೊತ್ತಿಗೆ ಕೆನ್ನೆಯ ಹಾಳೆಯಲ್ಲಿ ಅಲ್ಲಲ್ಲಿ ಸಾಸಿವೆಯಷ್ಟು ಚುಕ್ಕೆ, ಮೂಗಿನದರಲ್ಲಿ ನಡುವೆ ಮಾತ್ರ ಒಂದು ಪಟ್ಟಿ. ಹತ್ತನೆಯ ವಾರ ಅದೇ ಕಿಟಕಿ, ಅದೇ ಹೊತ್ತು, ಫೋನಿನ ಹಿಂದಿನ ಕ್ಯಾಮೆರಾದಲ್ಲಿ ಫೋಟೋ ತೆಗೆದು ಹಳೆಯದರ ಪಕ್ಕ ಇಟ್ಟೆ. ಕೆನ್ನೆಯ ತೂತುಗಳು ಅರ್ಧಕ್ಕರ್ಧ ಮಾಸಿದ್ದವು. ಪೀಲ್ ಅಂದವರಿಗೆ ಅವಳ ಒಪ್ಪಿಗೆ ಪಡೆದು ಆ ಫೋಟೋ ತೋರಿಸಿದೆ. ಈಗ ಅವರೂ 5% ತರಿಸುತ್ತಾರೆ.

ಆದರೆ ಮುಚ್ಚಿತು ಅಂತ ಯಾರಿಗೂ ಹೇಳಬೇಡಿ. ರಂಧ್ರ ಮುಚ್ಚುವುದಿಲ್ಲ. ಒಳಗೆ ತುಂಬುವ ಜಿಡ್ಡು ಕಡಿಮೆಯಾಗಿ ಬಾಯಿ ಹಿಗ್ಗದೆ, ಕಪ್ಪಾಗದೆ ಇರುವುದರಿಂದ ಚಿಕ್ಕದಾಗಿ ಕಾಣುತ್ತದೆ, ಅಷ್ಟೆ. ಬಿಟ್ಟರೆ ನಿಧಾನಕ್ಕೆ ಮತ್ತೆ ಕಾಣಿಸುತ್ತದೆ. ವಯಸ್ಸಾಗಿ ಚರ್ಮ ಸಡಿಲವಾಗಿ ಉದ್ದುದ್ದ ಆದ ರಂಧ್ರಕ್ಕೂ ಮೊಡವೆಯ ಗುಳಿಗೂ ಇದರಿಂದ ಹೆಚ್ಚೇನೂ ಆಗದು. ಮುಟ್ಟು ಏರುಪೇರಾಗಿ, ಗಲ್ಲದಲ್ಲಿ ಕೂದಲೂ ಬರುತ್ತಿದ್ದರೆ ಮೊದಲು ಡಾಕ್ಟರ್ ಹತ್ತಿರ ಕಳಿಸುತ್ತೇನೆ. ಹಾರ್ಮೋನಿನ ಎಣ್ಣೆಗೆ ಸೀರಮ್ ಒಂದೇ ಸಾಲದು.

ಖರ್ಚು ಉಳಿಸಲು ನಯಾಸಿನಮೈಡ್ ಪುಡಿ ತರಿಸಿಯೂ ನೋಡಿದೆ. ನೀರಿನಲ್ಲಿ ಸುಲಭವಾಗಿ ಕರಗುತ್ತದೆ, ಅದೇನೂ ಕಷ್ಟವಲ್ಲ. ಪನ್ನೀರಿನಲ್ಲಿ ಕಲಸಿಟ್ಟದ್ದು ಎರಡು ವಾರಕ್ಕೆಲ್ಲ ಮೋಡ ಕಟ್ಟಿ ವಾಸನೆ ಬಂತು. ಪ್ರಿಸರ್ವೇಟಿವ್ ಇಲ್ಲದೆ ಅದು ಉಳಿಯುವುದಿಲ್ಲ. ಹುಳಿ ಜಾಸ್ತಿ ಇರುವ ಯಾವುದರ ಜೊತೆಗೂ ಕಲಸಿಡಬಾರದು. ದಿನ ಕಳೆದಂತೆ ಸ್ವಲ್ಪ ನಿಕೋಟಿನಿಕ್ ಆಮ್ಲವಾಗಿ ತಿರುಗುತ್ತದೆ, ಮುಖ ಕೆಂಪೇರಿಸುವುದು ಅದೇ. 30 ಮಿಲಿ ಬಾಟಲಿ 350ರಿಂದ 600 ರೂಪಾಯಿ, ಎರಡು ತಿಂಗಳ ಹತ್ತಿರ ಬರುತ್ತದೆ. ಸುಮ್ನೆ ಬಾಟಲಿಯನ್ನೇ ಕೊಳ್ಳಿ. ಮನೆಯಲ್ಲಿ 10% ಉಳಿದಿದ್ದರೆ ಎರಡು ಹನಿಗೆ ಅಷ್ಟೇ ಜೆಲ್ ಅಂಗೈಯಲ್ಲಿ ಕಲಸಿ ಹಚ್ಚಬಹುದು. ಯಾವ ಜೆಲ್ ಅನ್ನುವುದು ನನ್ನ ಹೊಟ್ಟೆಪಾಡಿನ ಗುಟ್ಟು, ಅದು ನನ್ನಲ್ಲೇ ಇರಲಿ.

ಉರಿ ಯಾರಿಗೆ ಬರುತ್ತದೆ ಅನ್ನುವುದು ಈಗ ಮಾತಾಡಿಸಿದರೇ ಗೊತ್ತಾಗುತ್ತದೆ. ಬಿಸಿಲು, ಖಾರ, ಬಿಸಿ ಚಹಾಕ್ಕೆ ಮುಖ ಕೆಂಪೇರುವವರು. ವಿಟಮಿನ್ ಎ ಜಾತಿಯ ರೆಟಿನಾಯ್ಡ್ ಕ್ರೀಮ್ ಅಥವಾ ಆಸಿಡ್ ಹೊಸದಾಗಿ ಶುರು ಮಾಡಿದವರು. ಬ್ಲೀಚ್, ಥ್ರೆಡಿಂಗ್ ಆಗಿ ಒಂದೆರಡು ದಿನ ಆಗದವರು. ಹಚ್ಚಿದ ಕೆಲವೇ ನಿಮಿಷಕ್ಕೆ ಕೆಂಪಾಗಿ ಅರ್ಧ ಗಂಟೆಯಲ್ಲಿ ಇಳಿದರೆ ಶೇಕಡಾ ಕಡಿಮೆ ಮಾಡಿ ನೋಡಬಹುದು. ಮರುದಿನ ತುರಿಕೆ, ರೆಪ್ಪೆ ಊತ, ಹೊಪ್ಪಳೆ ಬಂದರೆ ಅಲರ್ಜಿ ಇರಬಹುದು. ಆ ಬಾಟಲಿಯನ್ನು ಮತ್ತೆ ಮುಟ್ಟಬಾರದು, ಡಾಕ್ಟರಿಗೆ ತೋರಿಸಬೇಕು. ಹೊಸ ಗುಳ್ಳೆ ಎದ್ದರೆ "ಪರ್ಜಿಂಗ್, ಒಳಗಿದ್ದದ್ದು ಹೊರಗೆ ಬರುತ್ತಿದೆ" ಅಂತ ಸಮಾಧಾನ ಹೇಳುವವರಿದ್ದಾರೆ. ಇದು ಚರ್ಮ ಸುಲಿಯುವ ಮದ್ದಲ್ಲ, ಹಾಗಾಗಿ ಆ ಸಮಾಧಾನ ಇದಕ್ಕೆ ಸಲ್ಲದು.

ನನಗೆ ಅತಿ ಹೆಚ್ಚು ಭಯ ಸ್ಟೆರಾಯ್ಡ್ ಕ್ರೀಮಿನವರದು. ಬೆಳ್ಳಗಾಗಲು ಮೆಡಿಕಲ್‌ನಿಂದ ಚೀಟಿಯಿಲ್ಲದೆ ಟ್ಯೂಬ್ ತಂದು ವರ್ಷಗಟ್ಟಲೆ ಹಚ್ಚಿರುತ್ತಾರೆ. ಅದು ಸ್ಟೆರಾಯ್ಡ್ ಅಂತ ಅವರಿಗೇ ಗೊತ್ತಿರುವುದಿಲ್ಲ. "ಯಾವ ಕ್ರೀಮ್ ಬಿಟ್ಟರೆ ಮುಖ ಉರಿಯುತ್ತದೆ?" ಅಂತ ಕೇಳುತ್ತೇನೆ, ಟ್ಯೂಬಿನ ಫೋಟೋ ತರಿಸುತ್ತೇನೆ. ಮೊಮೆಟಾಸೋನ್, ಕ್ಲೊಬೆಟಾಸಾಲ್, ಬೀಟಾಮೆಥಾಸೋನ್ ಅಂತ ಬರೆದಿದ್ದರೆ ಸೀರಮ್ ಮಾರುವುದಿಲ್ಲ, ನೇರ ಚರ್ಮದ ಡಾಕ್ಟರ್ ಹತ್ತಿರ ಕಳಿಸುತ್ತೇನೆ. ಹಾಗೆ ಹೋದ ಒಬ್ಬರು ಆರೇಳು ತಿಂಗಳ ಮೇಲೆ ಡಾಕ್ಟರೇ ಆಗಬಹುದು ಅಂದ ಮೇಲೆ ಬಂದರು. ಈಗ ವಾರಕ್ಕೆ ಮೂರು ರಾತ್ರಿ 2% ಹಚ್ಚುತ್ತಿದ್ದಾರೆ, ಇಲ್ಲಿಯವರೆಗೆ ಉರಿ ಬಂದಿಲ್ಲ.