ಡಬ್ಬಿಯ ಮುಂದೆ ಸಾವಿರ, ಹಿಂದೆ ಮುನ್ನೂರು: ಮೀನೆಣ್ಣೆ ಕ್ಯಾಪ್ಸೂಲಿನ ಲೇಬಲ್ ಓದುವುದು ಹೇಗೆ?

ಶಿಗ್ಗಾವಿ ಕಡೆಯ ನಿವೃತ್ತ ಮಾಸ್ತರರೊಬ್ಬರು ಹೃದಯದ ತಪಾಸಣೆಗೆಂದು ಹುಬ್ಬಳ್ಳಿಗೆ ಬಂದಾಗಲೆಲ್ಲ ವಿದ್ಯಾನಗರದಲ್ಲಿರುವ ನಮ್ಮ ಔಷಧ ಅಂಗಡಿಗೆ ಬಂದು ಹೋಗುತ್ತಾರೆ. ಕಳೆದ ಸಲ ಅವರ ಚೀಟಿಯಲ್ಲಿ, ಎಂದಿನ ಮಾತ್ರೆಗಳ ಕೆಳಗೆ, ವೈದ್ಯರು ಕೈಯಿಂದ ಒಂದು ಸಾಲು ಸೇರಿಸಿದ್ದರು: ‘ದಿನಕ್ಕೆ ಇಪಿಎ ಮತ್ತು ಡಿಎಚ್‌ಎ ಕೂಡಿ 1 ಗ್ರಾಂ’. ಮಾಸ್ತರರು ಚೀಲದಿಂದ ಅರ್ಧ ಖಾಲಿಯಾದ ಮೀನೆಣ್ಣೆ ಡಬ್ಬಿಯೊಂದನ್ನು ತೆಗೆದು ಕೌಂಟರಿನ ಮೇಲಿಟ್ಟರು. “ಇದನ್ನ ಮಗ ತಂದ ಕೊಟ್ಟಾನ್ರಿ. ಡಾಕ್ಟರ್ ಒಂದ ಗ್ರಾಂ ಅಂದಾರ, ಡಬ್ಬಿ ಮ್ಯಾಲೂ ಸಾವಿರ ಮಿಲಿಗ್ರಾಂ ಅಂತ ಐತಿ. ದಿನಾ ಒಂದ ತಗೋತೇನಿ. ಲೆಕ್ಕ ಸರಿ ಆತಲ್ಲ?” ಎಂದರು.

ಲೆಕ್ಕ ಸರಿಯಾಗಿರಲಿಲ್ಲ. ಇಡೀ ಜೀವಮಾನ ಮಕ್ಕಳಿಗೆ ಗಣಿತ ಕಲಿಸಿದವರೇ ಇಲ್ಲಿ ತಪ್ಪಿದ್ದರೆಂದರೆ ಅದು ಅವರ ದೋಷವಲ್ಲ. ಡಬ್ಬಿಯ ಮುಂಭಾಗದಲ್ಲಿ ದೊಡ್ಡ ಅಕ್ಷರಗಳಲ್ಲಿರುವ ಸಂಖ್ಯೆಯೂ ವೈದ್ಯರು ಬರೆದ ಸಂಖ್ಯೆಯೂ ಒಂದೇ ವಸ್ತುವಿನ ತೂಕವನ್ನು ಹೇಳುವುದಿಲ್ಲ ಎಂಬುದನ್ನು ಆ ಡಬ್ಬಿ ಎಲ್ಲಿಯೂ ಬಿಡಿಸಿ ಹೇಳುವುದಿಲ್ಲ.

ಮುಂಭಾಗದಲ್ಲಿರುವ 1000 ಮಿ.ಗ್ರಾಂ ಎಂಬುದು ಕ್ಯಾಪ್ಸೂಲಿನೊಳಗಿರುವ ಒಟ್ಟು ಮೀನೆಣ್ಣೆಯ ತೂಕ. ಬೂತಾಯಿ, ಆಂಚೊವಿಯಂತಹ ಸಣ್ಣ ಸಮುದ್ರ ಮೀನುಗಳಿಂದ ತೆಗೆದ ಈ ಎಣ್ಣೆಯಲ್ಲಿ ಹಲವು ಬಗೆಯ ಕೊಬ್ಬಿನಾಮ್ಲಗಳು ಬೆರೆತಿರುತ್ತವೆ. ನಾವು ದಿನವೂ ಬಳಸುವ ಅಡುಗೆ ಎಣ್ಣೆಯಲ್ಲಿರುವಂಥವೂ ಅವುಗಳಲ್ಲಿ ಸಾಕಷ್ಟಿವೆ. ವೈದ್ಯರಿಗೆ ಬೇಕಾಗಿರುವುದು ಅವುಗಳ ಪೈಕಿ ಎರಡು ಮಾತ್ರ, ಇಪಿಎ ಮತ್ತು ಡಿಎಚ್‌ಎ ಎಂಬ ಒಮೆಗಾ-3 ಆಮ್ಲಗಳು. ಸಾಂದ್ರಗೊಳಿಸದ ಸಾಮಾನ್ಯ ಮೀನೆಣ್ಣೆಯಲ್ಲಿ ಇವೆರಡೂ ಕೂಡಿ ಸುಮಾರು ಶೇಕಡಾ 30ರಷ್ಟು ಇರುತ್ತವೆ. ಗದಗ ಎಪಿಎಂಸಿಗೆ ಶೇಂಗಾ ತರುವ ರೈತನಿಗೆ ಇದನ್ನು ವಿವರಿಸಬೇಕಾಗಿಲ್ಲ: ಒಂದು ಕ್ವಿಂಟಲ್ ಕಾಯಿ ಒಡೆದರೆ ಒಂದು ಕ್ವಿಂಟಲ್ ಕಾಳು ಬರುವುದಿಲ್ಲ ಎಂಬುದು ಅವನಿಗೆ ಗೊತ್ತು. ಡಬ್ಬಿಯ ಮುಂದೆ ಕಾಯಿಯ ತೂಕ ಬರೆದಿದೆ, ವೈದ್ಯರು ಕಾಳಿನ ತೂಕ ಕೇಳಿದ್ದಾರೆ. ‘ಒಮೆಗಾ-3 ಫಿಶ್ ಆಯಿಲ್ 1000 ಮಿ.ಗ್ರಾಂ’ ಎಂದು ಒಂದೇ ಸಾಲಿನಲ್ಲಿ ಬರೆದಾಗ ಓದುವವನ ಕಣ್ಣು ಆ ಸಾವಿರವನ್ನು ಒಮೆಗಾ-3ಕ್ಕೆ ಅಂಟಿಸಿಬಿಡುತ್ತದೆ. ಬರೆದವರು ಸುಳ್ಳು ಹೇಳಿಲ್ಲ, ಆದರೆ ಆ ಸಾಲನ್ನು ಹಾಗೆ ಜೋಡಿಸಿದ್ದು ಅಮಾಯಕತನದಿಂದ ಎಂದು ನನಗೆ ಅನಿಸುವುದಿಲ್ಲ.

ಹಾಗಾದರೆ ಮೊದಲು ಮಾಡಬೇಕಾದದ್ದು, ಮುಂಭಾಗವನ್ನು ಬಿಟ್ಟು ಡಬ್ಬಿಯನ್ನು ಹಿಂದಕ್ಕೆ ತಿರುಗಿಸುವುದು. ಅಲ್ಲಿ ಪೋಷಕಾಂಶಗಳ ಪಟ್ಟಿ ಇರುತ್ತದೆ. ಪಟ್ಟಿಯಲ್ಲಿ ಇಪಿಎ, ಡಿಎಚ್‌ಎ ಎಂಬ ಎರಡು ಸಾಲುಗಳನ್ನು ಹುಡುಕಬೇಕು. ಕೆಲವು ಕಂಪನಿಗಳು ಇವುಗಳ ಉದ್ದನೆಯ ಹೆಸರನ್ನೇ ಬರೆಯುತ್ತವೆ, ಐಕೋಸಾಪೆಂಟಾಯಿನೋಯಿಕ್ ಆಮ್ಲ ಎಂದರೆ ಇಪಿಎ, ಡೊಕೊಸಾಹೆಕ್ಸಾಯಿನೋಯಿಕ್ ಆಮ್ಲ ಎಂದರೆ ಡಿಎಚ್‌ಎ. ಮಾಸ್ತರರ ಡಬ್ಬಿಯ ಹಿಂದೆ, ಅವರ ಕನ್ನಡಕಕ್ಕೂ ಸವಾಲಾಗುವಷ್ಟು ಸಣ್ಣ ಅಕ್ಷರಗಳಲ್ಲಿ, ಇಪಿಎ 180 ಮಿ.ಗ್ರಾಂ, ಡಿಎಚ್‌ಎ 120 ಮಿ.ಗ್ರಾಂ ಎಂದಿತ್ತು. ಎರಡನ್ನೂ ಕೂಡಿದರೆ 300. ಇದು ಮಾರುಕಟ್ಟೆಯಲ್ಲಿ ತೀರಾ ಸಾಮಾನ್ಯವಾದ ಅಳತೆ. ಅಂದರೆ ದಿನಕ್ಕೊಂದು ಕ್ಯಾಪ್ಸೂಲ್ ನುಂಗುತ್ತಿದ್ದ ಮಾಸ್ತರರಿಗೆ ವೈದ್ಯರು ಹೇಳಿದ್ದರಲ್ಲಿ ಮೂರನೆಯ ಒಂದು ಪಾಲಿಗಿಂತಲೂ ಕಡಿಮೆ ಸೇರುತ್ತಿತ್ತು.

ಎರಡು ಸಂಖ್ಯೆಗಳನ್ನು ಕೂಡುವ ಮುನ್ನ ಪಟ್ಟಿಯ ತಲೆಬರಹವನ್ನು ಓದುವುದು ಎರಡನೆಯ ಕೆಲಸ, ಮತ್ತು ಜನ ಹೆಚ್ಚಾಗಿ ಮೋಸಹೋಗುವುದು ಇಲ್ಲಿಯೇ. ಆ ಪಟ್ಟಿಯ ಸಂಖ್ಯೆಗಳು ಸಾಮಾನ್ಯವಾಗಿ ‘ಪ್ರತಿ ಸರ್ವಿಂಗ್’ಗೆ, ಅಂದರೆ ಒಂದು ಸಲದ ಪ್ರಮಾಣಕ್ಕೆ ಸಂಬಂಧಿಸಿದವು, ಮತ್ತು ಒಂದು ಸರ್ವಿಂಗ್ ಎಂದರೆ ಒಂದೇ ಕ್ಯಾಪ್ಸೂಲ್ ಎಂದು ಯಾವ ನಿಯಮವೂ ಇಲ್ಲ. ಎರಡು ಕ್ಯಾಪ್ಸೂಲ್ ಆಗಿರಬಹುದು, ಕೆಲವೆಡೆ ಮೂರು ಕೂಡ. ಮುಂಭಾಗದಲ್ಲಿ ‘2500 ಮಿ.ಗ್ರಾಂ’ ಎಂದು ಕಂಡಾಗ ಒಂದೇ ಕ್ಯಾಪ್ಸೂಲಿನಲ್ಲಿ ಎರಡೂವರೆ ಗ್ರಾಂ ಎಣ್ಣೆ ಹಿಡಿಸಿದ್ದಾರೆಂದು ನಂಬುವ ಮೊದಲು ಅದರ ಗಾತ್ರವನ್ನು ನೋಡಿದರೂ ಸಾಕು. ಅಷ್ಟು ಎಣ್ಣೆ ತುಂಬಿದರೆ ಅದು ನುಂಗುವಂತಿರುವುದಿಲ್ಲ. ಶಕ್ತಿಯ ಸಾಲಿನಿಂದಲೂ ಇದನ್ನು ಪರೀಕ್ಷಿಸಬಹುದು. ಒಂದು ಗ್ರಾಂ ಎಣ್ಣೆ ಸುಮಾರು 9 ಕಿಲೋ ಕ್ಯಾಲೊರಿ ಕೊಡುವುದರಿಂದ, ಪಟ್ಟಿಯಲ್ಲಿ ಶಕ್ತಿ 22ರ ಆಸುಪಾಸು ಇದ್ದರೆ ಅಲ್ಲಿ ಲೆಕ್ಕ ಹಾಕಿರುವುದು ಎರಡೂವರೆ ಗ್ರಾಂ ಎಣ್ಣೆಗೆ, ಅಂದರೆ ಒಂದಕ್ಕಿಂತ ಹೆಚ್ಚು ಕ್ಯಾಪ್ಸೂಲಿಗೆ ಎಂದು ತಿಳಿಯುತ್ತದೆ.

ಮಾಸ್ತರರ ಡಬ್ಬಿಯ ಪಕ್ಕದಲ್ಲಿ ಅಂಗಡಿಯ ಕಪಾಟಿನಿಂದ ಇನ್ನೊಂದನ್ನು ತೆಗೆದಿಟ್ಟೆ. ಹೆಸರುಗಳು ಇಲ್ಲಿ ಬೇಡ. ಬೆಲೆಗಳನ್ನೂ ಲೆಕ್ಕಕ್ಕೆ ಸುಲಭವಾಗುವಂತೆ ಹಿಡಿದಿದ್ದೇನೆ. ಮೊದಲನೆಯದರಲ್ಲಿ 60 ಕ್ಯಾಪ್ಸೂಲ್, ಬೆಲೆ 420 ರೂಪಾಯಿ. ಎರಡನೆಯದರಲ್ಲಿಯೂ 60 ಕ್ಯಾಪ್ಸೂಲ್, ಬೆಲೆ 900 ರೂಪಾಯಿ. “ಅಬಬಾ, ಇದು ಎರಡರಷ್ಟಕ್ಕಿಂತ ಹೆಚ್ಚಾತಲ್ರಿ” ಎಂದು ಮಾಸ್ತರರು ಕೈ ಹಿಂದೆಗೆದುಕೊಂಡರು. ಎರಡನೆಯ ಡಬ್ಬಿಯ ಪಟ್ಟಿಯಲ್ಲಿ ಮೀನೆಣ್ಣೆ 2500, ಇಪಿಎ 900, ಡಿಎಚ್‌ಎ 600 ಎಂದಿತ್ತು, ಸರ್ವಿಂಗ್ ಎರಡು ಕ್ಯಾಪ್ಸೂಲಿನದು. ಎರಡರಿಂದ ಭಾಗಿಸಿದರೆ ಪ್ರತಿ ಕ್ಯಾಪ್ಸೂಲಿನಲ್ಲಿ ಎಣ್ಣೆ 1250, ಇಪಿಎ 450, ಡಿಎಚ್‌ಎ 300. ಬೇಕಾದ ಎರಡೂ ಕೂಡಿ 750 ಮಿ.ಗ್ರಾಂ. ಎಣ್ಣೆಯ ನೂರಕ್ಕೆ 60 ಪಾಲು ಸರಕೇ ಇದೆ.

ಈಗ ಒಂದು ಗ್ರಾಂ ಇಪಿಎ-ಡಿಎಚ್‌ಎ ಎಷ್ಟಕ್ಕೆ ಬೀಳುತ್ತದೆಂದು ನೋಡೋಣ. ಮೊದಲನೆಯ ಡಬ್ಬಿಯ ಒಂದು ಕ್ಯಾಪ್ಸೂಲಿಗೆ 7 ರೂಪಾಯಿ, ಅದರಲ್ಲಿ ಸಿಗುವುದು 300 ಮಿ.ಗ್ರಾಂ, ಒಂದು ಗ್ರಾಂ ಆಗಬೇಕಾದರೆ ಮೂರು ಕ್ಯಾಪ್ಸೂಲಿಗೂ ಸ್ವಲ್ಪ ಹೆಚ್ಚು ಬೇಕು, ಖರ್ಚು 23 ರೂಪಾಯಿ ದಾಟುತ್ತದೆ. ಎರಡನೆಯದರ ಕ್ಯಾಪ್ಸೂಲಿಗೆ 15 ರೂಪಾಯಿ, ಸಿಗುವುದು 750 ಮಿ.ಗ್ರಾಂ; ಒಂದು ಗ್ರಾಂಗೆ ಸರಿಯಾಗಿ 20 ರೂಪಾಯಿ. ಅಗ್ಗದ ಡಬ್ಬಿಯೇ ದುಬಾರಿಯಾಯಿತು. ಎಲ್ಲ ಸಲವೂ ಹೀಗೆಯೇ ಆಗುತ್ತದೆಂದಲ್ಲ. ‘ಟ್ರಿಪಲ್ ಸ್ಟ್ರೆಂತ್’ ಎಂಬ ಮಾತಿಗೇ ಹಣ ಕೀಳುವ ಡಬ್ಬಿಗಳೂ ಇವೆ. ಆದ್ದರಿಂದ ಡಬ್ಬಿಯ ಬೆಲೆಯನ್ನು ಕ್ಯಾಪ್ಸೂಲುಗಳ ಸಂಖ್ಯೆಯಿಂದ ಭಾಗಿಸಿ, ಬಂದದ್ದನ್ನು ಒಂದು ಕ್ಯಾಪ್ಸೂಲಿನ ಇಪಿಎ-ಡಿಎಚ್‌ಎ ಮೊತ್ತದಿಂದ ಭಾಗಿಸಿ, ಸಾವಿರದಿಂದ ಗುಣಿಸಬೇಕು. ಮೊಬೈಲಿನ ಕ್ಯಾಲ್ಕುಲೇಟರಿನಲ್ಲಿ ಅರ್ಧ ನಿಮಿಷದ ಕೆಲಸ.

ಪಟ್ಟಿಯಲ್ಲಿ ‘ಒಟ್ಟು ಒಮೆಗಾ-3’ ಎಂಬ ಸಾಲು ಬೇರೆಯಾಗಿದ್ದರೆ ಅದನ್ನೂ ಲೆಕ್ಕಕ್ಕೆ ಹಿಡಿಯಬಾರದು. ಒಮೆಗಾ-3 ಎಂಬುದು ಒಂದು ಕುಟುಂಬದ ಹೆಸರು, ಅದರಲ್ಲಿ ಇಪಿಎ, ಡಿಎಚ್‌ಎ ಅಲ್ಲದೆ ಬೇರೆ ಆಮ್ಲಗಳೂ ಸೇರುತ್ತವೆ. ಒಟ್ಟು 600 ಎಂದು ಬರೆದು, ಕೆಳಗೆ ಇಪಿಎ 300, ಡಿಎಚ್‌ಎ 200 ಎಂದು ಕೊಟ್ಟಿದ್ದರೆ ನಿಮ್ಮ ಲೆಕ್ಕಕ್ಕೆ ಬರುವುದು 500 ಮಾತ್ರ. ಒಟ್ಟು ಸಂಖ್ಯೆಯನ್ನಷ್ಟೇ ಬರೆದು ಇಪಿಎ, ಡಿಎಚ್‌ಎಗಳನ್ನು ಬಿಡಿಸಿ ಹೇಳದ ಡಬ್ಬಿಯನ್ನು ನಾನಾದರೆ ಕಪಾಟಿಗೇ ಹಿಂದಿರುಗಿಸುತ್ತೇನೆ.

‘ಒಮೆಗಾ 3-6-9’ ಎಂಬ ಕ್ಯಾಪ್ಸೂಲುಗಳಲ್ಲಿ ಈ ಗೊಂದಲ ಇನ್ನೂ ದೊಡ್ಡದು. ಅವುಗಳಲ್ಲಿ ಅನೇಕವು ಅಗಸಿ ಎಣ್ಣೆ ಬೆರೆಸಿದವು. ಅಗಸಿಯಲ್ಲಿ ಒಮೆಗಾ-3 ಇರುವುದು ನಿಜ, ಆದರೆ ಅದು ಎಎಲ್‌ಎ ಎಂಬ ಬೇರೆ ಆಮ್ಲ. ನಮ್ಮ ದೇಹ ಅದರಲ್ಲಿ ಅಲ್ಪ ಭಾಗವನ್ನಷ್ಟೇ ಇಪಿಎ ಆಗಿ ಪರಿವರ್ತಿಸಬಲ್ಲದು, ಡಿಎಚ್‌ಎ ಆಗುವುದು ಅದಕ್ಕಿಂತಲೂ ಕಡಿಮೆ. ನಮ್ಮ ಕಡೆ ಜೋಳದ ರೊಟ್ಟಿಗೆ ಅಗಸಿ ಹಿಂಡಿ, ಮೊಸರು ಹಚ್ಚಿಕೊಂಡು ಉಣ್ಣುವುದು ನಿತ್ಯದ ರೂಢಿ, ಅದನ್ನು ಬಿಡಬೇಕಾದ ಕಾರಣವೇನೂ ಇಲ್ಲ. ಆದರೆ ಅದೇ ಅಗಸಿ ಎಣ್ಣೆಯನ್ನು ಕ್ಯಾಪ್ಸೂಲಿನಲ್ಲಿ ತುಂಬಿದ್ದಕ್ಕೆ ಮೀನೆಣ್ಣೆಯ ಬೆಲೆ ಕೊಡುವುದು ಬೇಡ.

ಮೀನು ಮುಟ್ಟದ ಮನೆಗಳವರು ಇದೇ ಹಂತದಲ್ಲಿ ಹಸಿರು ಚುಕ್ಕೆ ಇದೆಯೇ, ಕಂದು ಬಣ್ಣದ ತ್ರಿಕೋನ ಇದೆಯೇ ಎಂದು ನೋಡಿಕೊಳ್ಳಬಹುದು. ಸಮುದ್ರದ ಪಾಚಿಯಿಂದ ತೆಗೆದ ಎಣ್ಣೆಯ ಸಸ್ಯಾಹಾರಿ ಕ್ಯಾಪ್ಸೂಲುಗಳು ದೊರೆಯುತ್ತವೆ. ಅವುಗಳಲ್ಲಿ ಹೆಚ್ಚಾಗಿ ಡಿಎಚ್‌ಎ ಪಾಲು ದೊಡ್ಡದಿರುತ್ತದೆ, ಓದುವ ಕ್ರಮ ಮಾತ್ರ ಇದೇ.

ಲೇಬಲ್ ಹೇಳದ ಸಂಗತಿಯೊಂದಿದೆ. ಇಪಿಎ, ಡಿಎಚ್‌ಎಗಳು ಗಾಳಿ, ಬೆಳಕು, ಬಿಸಿಲಿಗೆ ಬೇಗ ಕೆಡುವ ವಸ್ತುಗಳು. ಎಣ್ಣೆ ಕಮಟಾಗಿದ್ದರೆ ಪಟ್ಟಿಯಲ್ಲಿರುವ 300 ಆಗಲಿ 750 ಆಗಲಿ ಕಾಗದದ ಮೇಲಿನ ಸಂಖ್ಯೆಯಾಗಿ ಉಳಿಯುತ್ತದೆ. ಹೊಸ ಡಬ್ಬಿ ತೆರೆದ ದಿನ ಒಂದು ಕ್ಯಾಪ್ಸೂಲನ್ನು ಕತ್ತರಿಸಿ ಚಮಚದಲ್ಲಿ ಹಿಂಡಿ ಮೂಸಿ ನೋಡಬೇಕು. ಮೀನಿನ ಲಘು ವಾಸನೆ ಸಹಜ. ಹಳೆಯ ಕರಿದ ಎಣ್ಣೆಯಂತೆ ಮೂಗಿಗೆ ಚುಚ್ಚುವ ಕಮಟು ವಾಸನೆ ಇದ್ದರೆ ಬಿಲ್ಲಿನೊಡನೆ ಅಂಗಡಿಗೆ ತರಬೇಕು. ನಿಂಬೆ ಅಥವಾ ಕಿತ್ತಳೆಯ ಪರಿಮಳ ಸೇರಿಸಿದ ಕ್ಯಾಪ್ಸೂಲುಗಳಲ್ಲಿ ಈ ಪರೀಕ್ಷೆ ಅಷ್ಟಾಗಿ ನಡೆಯದು. ಏಪ್ರಿಲ್-ಮೇ ತಿಂಗಳಲ್ಲಿ ಕಿಟಕಿಯ ಬದಿಗಿಟ್ಟ ಡಬ್ಬಿಯಲ್ಲಿ ಕ್ಯಾಪ್ಸೂಲುಗಳು ಒಂದಕ್ಕೊಂದು ಅಂಟಿ ಗಂಟಾಗುವುದನ್ನು ಪ್ರತಿ ವರ್ಷ ನೋಡುತ್ತೇನೆ.

ಲೆಕ್ಕ ತಿಳಿಯಿತೆಂದು ತಾವಾಗಿಯೇ ಒಂದರ ಬದಲು ಮೂರು-ನಾಲ್ಕು ನುಂಗತೊಡಗುವುದು ಸರಿಯಲ್ಲ. ದೊಡ್ಡ ಪ್ರಮಾಣದಲ್ಲಿ ತೆಗೆದುಕೊಂಡಾಗ ಕೆಲವರಲ್ಲಿ ಹೃದಯದ ಬಡಿತ ಲಯ ತಪ್ಪುವ ಸಾಧ್ಯತೆ ಹೆಚ್ಚುವುದು ಅಧ್ಯಯನಗಳಲ್ಲಿ ಕಂಡುಬಂದಿದೆ. ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ತೆಗೆದುಕೊಳ್ಳುವವರಂತೂ ವೈದ್ಯರನ್ನು ಕೇಳದೆ ಪ್ರಮಾಣ ಬದಲಿಸಲೇಬಾರದು. ರಕ್ತದಲ್ಲಿ ಟ್ರೈಗ್ಲಿಸರೈಡ್ ಎಂಬ ಕೊಬ್ಬು ಬಹಳ ಹೆಚ್ಚಿರುವವರಿಗೆ ವೈದ್ಯರು ದಿನಕ್ಕೆ 4 ಗ್ರಾಂ ವರೆಗೂ ಬರೆಯುವುದುಂಟು, ಅದನ್ನು ಮಾಸ್ತರರ ಹಳೆಯ ಡಬ್ಬಿಯಿಂದ ಪಡೆಯಲು ಹೊರಟರೆ ದಿನಕ್ಕೆ 13ಕ್ಕೂ ಹೆಚ್ಚು ಕ್ಯಾಪ್ಸೂಲ್ ನುಂಗಬೇಕಾಗುತ್ತದೆ. ಅಂಥವರಿಗೆ ಚೀಟಿಯ ಮೇಲೆ ಕೊಡುವ ಔಷಧವೇ ಬೇರೆ ಇದೆ.

ಮಾಸ್ತರರ ವಿಷಯದಲ್ಲಿಯೂ ಒಂದು ತೊಡಕು ಉಳಿದಿತ್ತು: ಎರಡನೆಯ ಡಬ್ಬಿಯ ಒಂದು ಕ್ಯಾಪ್ಸೂಲಿಗೆ 750, ಎರಡಕ್ಕೆ 1500, ಸರಿಯಾಗಿ ಒಂದು ಸಾವಿರ ಯಾವುದಕ್ಕೂ ಬರುವುದಿಲ್ಲ. ಕೌಂಟರಿನಿಂದಲೇ ವೈದ್ಯರಿಗೆ ಫೋನ್ ಮಾಡಿದೆವು. ಸದ್ಯಕ್ಕೆ ದಿನಕ್ಕೆ ಒಂದು ಸಾಕು, ಮಧ್ಯಾಹ್ನದ ಊಟದೊಡನೆ ತೆಗೆದುಕೊಳ್ಳಲಿ, ಮುಂದಿನ ತಪಾಸಣೆಗೆ ಬಂದಾಗ ನೋಡೋಣ ಎಂದರು. ಊಟದಲ್ಲಿರುವ ಕೊಬ್ಬಿನೊಡನೆ ಈ ಎಣ್ಣೆ, ಅದರಲ್ಲೂ ಸಾಂದ್ರಗೊಳಿಸಿದ್ದು, ಬರಿ ಹೊಟ್ಟೆಗಿಂತ ಚೆನ್ನಾಗಿ ಮೈಗೆ ಹಿಡಿಯುತ್ತದೆ. ಮಾಸ್ತರರು ಜೇಬಿನ ಪೆನ್ನು ತೆಗೆದು ಹೊಸ ಡಬ್ಬಿಯ ಮುಚ್ಚಳದ ಮೇಲೆ ‘1ಕ್ಕೆ 750’ ಎಂದು ದಪ್ಪಗೆ ಬರೆದುಕೊಂಡರು. ಆಮೇಲೆ ಹಳೆಯ ಡಬ್ಬಿಯನ್ನೂ ಕೈಗೆತ್ತಿಕೊಂಡು, ಮುಂಭಾಗದ 1000ವನ್ನು ಹೊಡೆದುಹಾಕಿ 300 ಎಂದು ತಿದ್ದಿದರು.