ಆಮ್ಲ, ಬಿಸಿ, ಹವಳ: ಒಂದು ಪ್ಯಾರಾವನ್ನು ಮೂರು ಸಲ ಬರೆದ ಕಥೆ

ನಮ್ಮ ಕಾಸರಗೋಡಿನ ಕರಾವಳಿಯಲ್ಲಿ ಹವಳದ ದಿಬ್ಬ ಇಲ್ಲ. ಹವಳ ನೋಡಬೇಕಾದರೆ ಲಕ್ಷದ್ವೀಪಕ್ಕೋ ಮನ್ನಾರ್ ಕೊಲ್ಲಿಗೋ ಹೋಗಬೇಕು. ನಾನು ಹವಳದ ಬಗ್ಗೆ ಬರೆದದ್ದೆಲ್ಲ ಕುಂಬಳೆಯ ಮನೆ ಜಗಲಿಯಲ್ಲಿ ಕೂತು. ಆಟಿ ಮಳೆ, ದಿನಕ್ಕೆ ನಾಲ್ಕು ಸಲ ಕರೆಂಟು ಹೋಗುವುದು, ಲ್ಯಾಪ್‌ಟಾಪಿನ ಬ್ಯಾಟರಿ ಬೇರೆ ಹಳತು. ಥೀಸಿಸ್‌ನ ರಿವ್ಯೂ ಅಧ್ಯಾಯದ ಒಂದೇ ಒಂದು ಪ್ಯಾರಾ ನನ್ನ ಮೂರು ವಾರ ತಿಂದಿತು.

ಪ್ರಶ್ನೆ ಸಣ್ಣದು. ನೀರು ಬಿಸಿಯಾದಾಗ ಹವಳ ತನ್ನೊಳಗಿನ ಪಾಚಿಯನ್ನು ಹೊರಹಾಕಿ ಬಿಳಿಚಿಕೊಳ್ಳುತ್ತದೆ. ಅದೇ ನೀರು ಕಾರ್ಬನ್ ಡೈಆಕ್ಸೈಡ್ ಕರಗಿ ಆಮ್ಲೀಯವೂ ಆದರೆ ಕಡಿಮೆ ಬಿಸಿಗೇ ಬಿಳಿಚುತ್ತದೆಯೇ? (ಆಮ್ಲೀಯ ಅಂದರೆ ಸಮುದ್ರ ಹುಳಿಯಾಗುವುದು ಅಂತ ತಿಳಿಯಬೇಡಿ. ಪಿಎಚ್ 8.1ರಿಂದ 7.8ಕ್ಕೆ ಇಳಿದರೂ ನೀರು ಕ್ಷಾರದ ಕಡೆಗೇ ಇರುತ್ತದೆ.)

ಮೊದಲ ಸಲ ಬರೆದದ್ದು ಹೀಗಿತ್ತು. ಥೀಸಿಸ್ ಇಂಗ್ಲಿಷಿನಲ್ಲಿ, ಇಲ್ಲಿ ಸಾರ ಮಾತ್ರ ಹೇಳುತ್ತೇನೆ: "ಆಂಟನಿ ಮತ್ತು ಸಂಗಡಿಗರು 2008ರಲ್ಲಿ ಹೌದು ಎಂದರು. ವಾಲ್ ಮತ್ತು ಸಂಗಡಿಗರು 2014ರಲ್ಲಿ ಇಲ್ಲ ಎಂದರು. ನೂನನ್ ಮತ್ತು ಫ್ಯಾಬ್ರಿಸಿಯಸ್ 2016ರಲ್ಲಿ ಇಲ್ಲ ಎಂದರು. ಫಲಿತಾಂಶಗಳು ಪರಸ್ಪರ ವಿರುದ್ಧವಾಗಿವೆ, ಇನ್ನಷ್ಟು ಸಂಶೋಧನೆ ಬೇಕು."

ನನ್ನ ಗೈಡನ್ನು ನಾವೆಲ್ಲ ಟೀಚರ್ ಎಂದೇ ಕರೆಯುವುದು. ಅವರು ಓದಿ ಪೆನ್ಸಿಲ್ ಕೆಳಗಿಟ್ಟರು. "ಇದು ಹಾಜರಿ ಪುಸ್ತಕ ಅಲ್ವಾ? ಯಾರು ಬಂದರು, ಯಾರು ಬರಲಿಲ್ಲ ಅಂತ ಬರೆದಿದ್ದಿ. ಯಾಕೆ ಬರಲಿಲ್ಲ ಅಂತ ಎಲ್ಲಿದೆ?"

ಸರಿ, ಒಂದು ದೊಡ್ಡ ಹಾಳೆಯಲ್ಲಿ ಕೋಷ್ಟಕ ಮಾಡಿದೆ. ಒಂದೊಂದು ಪೇಪರಿಗೆ ಒಂದೊಂದು ಅಡ್ಡಸಾಲು. ಕಂಬಗಳಲ್ಲಿ ಯಾವ ಹವಳ, ಎಷ್ಟು ಬಿಸಿ, ಎಷ್ಟು ದಿನ, ಎಷ್ಟು ಕಾರ್ಬನ್ ಡೈಆಕ್ಸೈಡ್, ಬೆಳಕು ಹೇಗಿತ್ತು, ಮತ್ತು ಕೊನೆಗೆ "ಬಿಳಿಚುವಿಕೆ ಅಂತ ಅಳೆದದ್ದು ಏನನ್ನು?" ಈ ಕೊನೆಯ ಕಂಬ ಮೊದಲು ನನ್ನ ತಲೆಗೇ ಬಂದಿರಲಿಲ್ಲ.

ತುಂಬಿಸುವಾಗಲೇ ಎರಡು ಕಡೆ ಎಡವಿದೆ. ಒಂದು, ಅಳತೆಯ ಮಾನ. ಕೆಲವರು ಕಾರ್ಬನ್ ಡೈಆಕ್ಸೈಡನ್ನು ಪಾಸ್ಕಲ್‌ನಲ್ಲಿ ಕೊಡುತ್ತಾರೆ, ಕೆಲವರು ಮೈಕ್ರೊಅಟ್ಮಾಸ್ಫಿಯರ್‌ನಲ್ಲಿ. 85 ಎಂಬ ಅಂಕಿ ಕಂಡು "ಇಷ್ಟು ಕಡಿಮೆಯಾ?" ಅಂದುಕೊಂಡೆ. ಒಂದು ಪಾಸ್ಕಲ್ ಅಂದರೆ ಸುಮಾರು 9.9 ಮೈಕ್ರೊಅಟ್ಮಾಸ್ಫಿಯರ್. ಹಾಗಾಗಿ 85 ಪಾಸ್ಕಲ್ ಅಂದರೆ ಸುಮಾರು 840. ಕಡಿಮೆ ಏನಲ್ಲ.

ಎರಡನೆಯದು ಬಿಸಿ. ಒಂದು ಕಡೆ 28.5 ಡಿಗ್ರಿ, ಇನ್ನೊಂದು ಕಡೆ 30.5 ಎಂದು ಪಕ್ಕಪಕ್ಕ ಬರೆದರೆ ಎರಡನೆಯದೇ ಜಾಸ್ತಿ ಬಿಸಿ ಅನ್ನಿಸುತ್ತದೆ. ಹವಳಕ್ಕೆ ಲೆಕ್ಕ ಹಾಗಲ್ಲ. ಪ್ರತಿ ಜಾಗಕ್ಕೂ ಅದರದ್ದೇ ಅತಿ ಬಿಸಿ ತಿಂಗಳಿನ ಸರಾಸರಿ ಇರುತ್ತದೆ. ಅಮೆರಿಕದ ನೋವಾ ಸಂಸ್ಥೆಯ ಉಪಗ್ರಹ ಲೆಕ್ಕದಲ್ಲಿ ಆ ಸರಾಸರಿಗಿಂತ ಒಂದು ಡಿಗ್ರಿ ಮೇಲೆ ಹೋದರೆ ಅದು ಮಿತಿ ದಾಟಿದ ಹಾಗೆ. ಆಮೇಲೆ ಹಿಂದಿನ 12 ವಾರಗಳಲ್ಲಿ ಹಾಗೆ ಮಿತಿ ದಾಟಿದಾಗ ಸರಾಸರಿಗಿಂತ ಎಷ್ಟು ಮೇಲಿತ್ತೋ ಅದನ್ನು ಕೂಡಿಸುತ್ತಾ ಹೋಗುತ್ತಾರೆ. ಸರಾಸರಿ 29.5 ಎಂದಿಟ್ಟುಕೊಳ್ಳಿ. ನಾಲ್ಕು ವಾರ ನೀರು 31ರಲ್ಲೇ ನಿಂತರೆ, ವಾರಕ್ಕೆ 1.5ರಂತೆ ಒಟ್ಟು 6 ಡಿಗ್ರಿ-ವಾರ. ಸಾಮಾನ್ಯವಾಗಿ 4 ದಾಟಿದರೆ ಬಿಳಿಚುವಿಕೆ ಎದ್ದು ಕಾಣುತ್ತದೆ, 8 ದಾಟಿದರೆ ಸಾವೂ ಶುರುವಾಗಬಹುದು. ಹಾಗಾಗಿ ಬಿಸಿಯ ಕಂಬದಲ್ಲಿ ಬರೀ ಡಿಗ್ರಿ ಬರೆಯುವುದನ್ನು ಬಿಟ್ಟೆ. "ಅಲ್ಲಿನ ಸರಾಸರಿಗಿಂತ ಎಷ್ಟು ಮೇಲೆ, ಎಷ್ಟು ವಾರ" ಎಂದು ಬರೆದೆ.

ಕೋಷ್ಟಕ ತುಂಬಿದ ಮೇಲೆ ಕಂಡದ್ದು ಇಷ್ಟು. ಆಂಟನಿ ತಂಡ ಆಸ್ಟ್ರೇಲಿಯಾದ ಹೆರಾನ್ ದ್ವೀಪದಲ್ಲಿ ಎಂಟು ವಾರ ಪ್ರಯೋಗ ಮಾಡಿತ್ತು. ಬೆಳಕು ಜೋರು. ಅವರು ಅಳೆದದ್ದು ಹವಳದ ಬಣ್ಣ, ಅಂದರೆ ಫೋಟೊದಲ್ಲಿ ಅದು ಎಷ್ಟು ತಿಳಿಯಾಯಿತು ಎಂಬುದನ್ನು. ವಾಲ್ ತಂಡದ ಪ್ರಯೋಗ ತೈವಾನಿನಲ್ಲಿ, ಸುಮಾರು ಎರಡು ವಾರ, ಸೀರಿಯಾಟೊಪೊರಾ ಎಂಬ ಹವಳದ ಮೇಲೆ. ಅವರು ಎಣಿಸಿದ್ದು ಪಾಚಿಯ ಕೋಶಗಳನ್ನು ಮತ್ತು ಕ್ಲೋರೊಫಿಲ್ಲನ್ನು. ಇಬ್ಬರೂ "ಬ್ಲೀಚಿಂಗ್" ಎಂಬ ಒಂದೇ ಪದ ಬಳಸಿದ್ದಾರೆ. ನೋಡಿದ್ದು ಒಂದೇ ವಸ್ತುವನ್ನಲ್ಲ. ಕೋಶಗಳ ಸಂಖ್ಯೆ ಹಾಗೇ ಇದ್ದು ಒಂದೊಂದು ಕೋಶದ ಕ್ಲೋರೊಫಿಲ್ ಕಡಿಮೆಯಾದರೂ ಹವಳ ತಿಳಿಯಾಗಿ ಕಾಣುತ್ತದೆ. ಫೋಟೊಗೆ ಅದೂ ಬಿಳಿಚುವಿಕೆಯೇ.

ನನಗೆ ಖುಷಿಯೋ ಖುಷಿ. ಎರಡನೇ ಸಲ ಬರೆದೆ: "ಈ ವಿರೋಧಕ್ಕೆ ಕಾರಣ ಅವಧಿ. ಎಂಟು ವಾರ ಆಮ್ಲದಲ್ಲಿಟ್ಟರೆ ಪರಿಣಾಮ ಕಾಣುತ್ತದೆ, ಎರಡು ವಾರದಲ್ಲಿ ಕಾಣುವುದಿಲ್ಲ."

ಟೀಚರ್ ನನ್ನ ಕೋಷ್ಟಕದ ಮೂರನೇ ಸಾಲಿನ ಮೇಲೆ ಬೆರಳಿಟ್ಟರು. "ಇವರ ಹವಳ ಎಷ್ಟು ದಿನ ಆಮ್ಲದಲ್ಲಿತ್ತು?"

ಅದು ನೂನನ್ ಮತ್ತು ಫ್ಯಾಬ್ರಿಸಿಯಸ್ ಪೇಪರು. ಪಪುವಾ ನ್ಯೂಗಿನಿಯಲ್ಲಿ ಸಮುದ್ರದ ತಳದಿಂದ ಕಾರ್ಬನ್ ಡೈಆಕ್ಸೈಡ್ ಗುಳ್ಳೆಗಳು ತಾವಾಗಿಯೇ ಏಳುವ ಜಾಗಗಳಿವೆ. ಸಮುದ್ರ ಬಿಸಿಯಾಗಿ ಸ್ವಲ್ಪ ಬಿಳಿಚುವಿಕೆ ನಡೆದಾಗ, ಅಲ್ಲಿ ಬೆಳೆದ ಹವಳ ಮತ್ತು ಹತ್ತಿರದ ಮಾಮೂಲಿ ನೀರಿನ ಹವಳ, ಎರಡನ್ನೂ ಅಲ್ಲಿಯೇ ಸಮೀಕ್ಷೆ ಮಾಡಿ ಹೋಲಿಸಿದ್ದರು. ಗುಳ್ಳೆಯ ಜಾಗದ ಹವಳ ಹೆಚ್ಚು ಬಿಳಿಚಲಿಲ್ಲ. ಅದು ವಾರಗಟ್ಟಲೆ ಅಲ್ಲ, ಬೆಳೆದದ್ದೇ ಆಮ್ಲೀಯ ನೀರಿನಲ್ಲಿ! ನಾನೇ ತುಂಬಿಸಿದ ಸಾಲು ನನ್ನ ವಾದವನ್ನೇ ಮುರಿಯಿತು. ಆಮ್ಲದ ಅವಧಿ ಕಾರಣವಾಗಿದ್ದರೆ ಎಲ್ಲರಿಗಿಂತ ಮೊದಲು ಇಲ್ಲಿಯೇ ಪರಿಣಾಮ ಕಾಣಬೇಕಿತ್ತು.

ಹಾಗಾದರೆ ಹವಳದ ಜಾತಿಯೇ ಕಾರಣವಾ? ಅದೂ ಪೂರ್ತಿ ನಿಲ್ಲುವುದಿಲ್ಲ. ಅಕ್ರೊಪೊರಾ ಕುಲದ ಹವಳ ಹೆರಾನಿನ "ಹೌದು" ಪೇಪರಿನಲ್ಲೂ ಇದೆ, ಪಪುವಾದ "ಇಲ್ಲ" ಪೇಪರಿನಲ್ಲೂ ಇದೆ. ಪ್ರಭೇದ ಬೇರೆ ಬೇರೆ ಅನ್ನಬಹುದು, ಆದರೆ ಅಷ್ಟರಿಂದ "ಜಾತಿಯೇ ಕಾರಣ" ಎಂದು ಬರೆಯಲು ಧೈರ್ಯ ಬರಲಿಲ್ಲ. ಉಳಿದದ್ದು ಬೆಳಕು, ಬಿಸಿಯ ಅವಧಿ, ಆಮ್ಲದ ಪ್ರಮಾಣ ಮತ್ತು ಅಳೆದ ರೀತಿ. ಹೆರಾನಿನಲ್ಲಿ ಕಾರ್ಬನ್ ಡೈಆಕ್ಸೈಡಿನ ಅತಿ ಹೆಚ್ಚಿನ ಹಂತ 1000 ಪಿಪಿಎಂ ದಾಟಿತ್ತು. ಈ ನಾಲ್ಕೂ ಪೇಪರಿನಿಂದ ಪೇಪರಿಗೆ ಒಟ್ಟಿಗೆ ಬದಲಾಗಿವೆ. ಹೀಗಿರುವಾಗ ಅದರಲ್ಲಿ ಒಂದನ್ನು ಮಾತ್ರ ಹಿಡಿದು "ಇದೇ ಕಾರಣ" ಅನ್ನುವುದು ಸುಮ್ನೆ ಊಹೆ. ರಿವ್ಯೂ ಬರೆಯುವವರು ಹೆಚ್ಚಾಗಿ ಬೀಳುವ ಗುಂಡಿ ಇದೇ ಅಂತ ನನಗನ್ನಿಸುತ್ತದೆ. ವಿರೋಧ ಕಂಡ ಕೂಡಲೇ ಚಂದದ ಕಾರಣವೊಂದು ಹೊಳೆಯುತ್ತದೆ, ಅದನ್ನು ಮುರಿಯಬಲ್ಲ ಪೇಪರು ಕೈಯಲ್ಲೇ ಇದ್ದರೂ ಕಣ್ಣಿಗೆ ಬೀಳುವುದಿಲ್ಲ.

ಮೂರನೇ ಸಲ ಬರೆಯುವಾಗ ಲೇಖಕರ ಹೆಸರಿನಿಂದ ಶುರು ಮಾಡಲಿಲ್ಲ. ಮೊದಲ ವಾಕ್ಯದಲ್ಲಿ ಎಲ್ಲರೂ ಒಪ್ಪುವ ಮಾತು: ಬಿಸಿ ಒಂದೇ ಸಾಕು ಬಿಳಿಚಲು, ಜಗಳ ಇರುವುದು ಆಮ್ಲ ಆ ಮಿತಿಯನ್ನು ಕೆಳಗಿಳಿಸುತ್ತದೆಯೇ ಎಂಬಲ್ಲಿ. ಎರಡನೆಯದರಲ್ಲಿ "ಹೌದು" ಎಂಬ ಸಾಕ್ಷ್ಯ, ಅದರ ಷರತ್ತುಗಳ ಜೊತೆಗೇ: ಜೋರು ಬೆಳಕು, ಎಂಟು ವಾರ, ಬಣ್ಣದ ಅಳತೆ. ಮೂರು ಮತ್ತು ನಾಲ್ಕರಲ್ಲಿ "ಇಲ್ಲ" ಎಂಬ ಎರಡು ಸಾಕ್ಷ್ಯ. ಐದನೆಯದರಲ್ಲಿ ಯಾವ ಕಾರಣ ಬಿದ್ದುಹೋಗುತ್ತದೆ ಎಂಬುದು: ಗುಳ್ಳೆಯ ಜಾಗದ ಹವಳ ಇರುವುದರಿಂದ ಆಮ್ಲದ ಅವಧಿಯನ್ನು ಕಾರಣ ಅನ್ನಲಾಗದು. ಆರನೆಯದರಲ್ಲಿ ಯಾವುದು ಇನ್ನೂ ಉಳಿದಿದೆ ಎಂಬುದು.

"ಇನ್ನಷ್ಟು ಸಂಶೋಧನೆ ಬೇಕು" ಎಂಬುದನ್ನು ಹೊಡೆದುಹಾಕಿದೆ. ಆ ಜಾಗದಲ್ಲಿ ಬರೆದದ್ದು: "ಒಂದೇ ಹವಳವನ್ನು, ಒಂದೇ ಡಿಗ್ರಿ-ವಾರದ ಬಿಸಿಯಲ್ಲಿ, ಎರಡು ಬಗೆಯ ಬೆಳಕಿನಲ್ಲಿಟ್ಟು, ಬಣ್ಣ ಮತ್ತು ಕೋಶ ಎರಡನ್ನೂ ಅಳೆದರೆ ಈ ಜಗಳ ಅರ್ಧ ಬಗೆಹರಿಯುತ್ತದೆ." ಟೀಚರ್ ಅದರಲ್ಲಿ ಒಂದೇ ತಿದ್ದುಪಡಿ ಮಾಡಿದರು. "ಬಗೆಹರಿಯುತ್ತದೆ" ಎಂದಿದ್ದದ್ದು "ಬಗೆಹರಿಯಬಹುದು" ಆಯಿತು.