ಒಂದು ಗಿಲಕಿ ಮಾರಿದರೆ ಹನ್ನೊಂದು ರೂಪಾಯಿ

ಚನ್ನಪಟ್ಟಣದ ನಮ್ಮ ಮನೆಯ ಹಿಂದೆ ಅಪ್ಪ ಮರದ ಆಟಿಕೆ ತಿರುಗಿಸುವ ಲೇತ್ ಇದೆ. ಗಿಲಕಿ, ಬುಗುರಿ, ಒಂದರ ಮೇಲೊಂದು ಬಳೆ ಪೇರಿಸುವ ಬಳೆ ಗೋಪುರ ಇವೇ ನಮ್ಮ ಮುಖ್ಯ ಕೆಲಸ. ಮೊದಲು ಹೆದ್ದಾರಿ ಪಕ್ಕದ ಅಂಗಡಿಗಳಿಗೆ ಕೊಡುತ್ತಿದ್ದೆವು. ಆನ್‌ಲೈನ್‌ನಲ್ಲಿ ನಮ್ಮದೇ ಹೆಸರಲ್ಲಿ ಮಾರೋಣ ಅಂತ ನಾನು ಹಟ ಹಿಡಿದೆ. ಇನ್‌ಸ್ಟಾಗ್ರಾಂ ಪುಟ ತೆರೆದೆ, ಒಂದು ದೊಡ್ಡ ಆನ್‌ಲೈನ್ ಮಾರುಕಟ್ಟೆಯಲ್ಲಿ ಖಾತೆ ಮಾಡಿಸಿದೆ. ಆರ್ಡರ್ ಬರತೊಡಗಿದವು. ನಾಲ್ಕು ತಿಂಗಳಾದ ಮೇಲೆ ಅಪ್ಪ ಕೇಳಿದರು: "ಇಷ್ಟೊಂದು ಹೋಗ್ತಾ ಇದೆಯಲ್ಲಮ್ಮ, ದುಡ್ಡು ಎಲ್ಲಿ?"

ಅವತ್ತು ರಾತ್ರಿ ಕೂತು ಒಂದು ಗಿಲಕಿಯ ಲೆಕ್ಕ ಹಾಕಿದೆ. ಮಾರುವ ಬೆಲೆ 199 ರೂ. ಮರ, ಅರಗು, ಕೂಲಿ ಸೇರಿ 80. ಡಬ್ಬಿ, ಟೇಪು 12. ಮಾರುಕಟ್ಟೆಯ ಕಮಿಷನ್, ಬೇರೆ ಶುಲ್ಕ, ತೆರಿಗೆ ಎಲ್ಲ ಸೇರಿ 34. ಕೊರಿಯರ್ 62. ಉಳಿದದ್ದು 11 ರೂಪಾಯಿ. ಒಂದು ಗಿಲಕಿ ವಾಪಸ್ ಬಂದರೆ ಹೋಗುವ ಕೊರಿಯರ್, ಬರುವ ಕೊರಿಯರ್, ಡಬ್ಬಿ ಸೇರಿ 136 ರೂ. ಹೋಗುತ್ತಿತ್ತು. ಅಂದರೆ ಹನ್ನೆರಡು ಗಿಲಕಿ ಮಾರಿದ ಲಾಭ ಒಂದು ವಾಪಸಿಗೆ ಹೆಚ್ಚುಕಡಿಮೆ ಸಮ. ಆ ಹಾಳೆ ನೋಡಿದ ಮೇಲೆ ನನ್ನ ಮಾರ್ಕೆಟಿಂಗ್ ಯೋಜನೆ ಪೂರ್ತಿ ಬದಲಾಯಿತು.

ಮೊದಲು ಕೈ ಹಾಕಿದ್ದು ಡಬ್ಬಿಗೆ. 60 ಗ್ರಾಂ ಗಿಲಕಿಗೆ 62 ರೂಪಾಯಿ ಕೊರಿಯರ್ ಯಾಕೆ? ಕೊರಿಯರ್‌ನವರು ತೂಕ ಮಾತ್ರ ನೋಡುವುದಿಲ್ಲ, ಡಬ್ಬಿ ಹಿಡಿಯುವ ಜಾಗಕ್ಕೂ ಲೆಕ್ಕ ಹಾಕುತ್ತಾರೆ. ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸುತ್ತಾರೆ. ಬಂದ ಕಿಲೋ ಮತ್ತು ನಿಜವಾದ ತೂಕ, ಎರಡರಲ್ಲಿ ಯಾವುದು ಜಾಸ್ತಿಯೋ ಅದಕ್ಕೆ ದುಡ್ಡು. ಅಗ್ಗಕ್ಕೆ ಸಿಕ್ಕಿತು ಅಂತ ನಾನು ತಂದಿಟ್ಟಿದ್ದ ಡಬ್ಬಿ 20, 15, 10 ಸೆಂ.ಮೀ. ಲೆಕ್ಕ ಹಾಕಿದರೆ 600 ಗ್ರಾಂ. ಅರ್ಧ ಕಿಲೋ ದಾಟಿದ ಕೂಡಲೇ ಮುಂದಿನ ದರ. ನೂರು ಗ್ರಾಂ ಗಾಳಿಗೆ ನಾವು ಪ್ರತಿ ಸಲ ದುಡ್ಡು ಕಟ್ಟುತ್ತಿದ್ದೆವು.

18, 13, 10 ಅಳತೆಯ ಡಬ್ಬಿ ಮಾಡಿಸಿದೆ. ಅದು 468 ಗ್ರಾಂ ಬರುತ್ತದೆ. ಅದರೊಳಗೆ ಬಳೆ ಗೋಪುರ ಮಲಗಿಸಿ, ಪಕ್ಕದಲ್ಲಿ ಗಿಲಕಿ, ಸಂದಿಯಲ್ಲಿ ಬುಗುರಿ ಇಟ್ಟರೆ ಸರಿಯಾಗಿ ಕೂರುತ್ತವೆ. ಡಬ್ಬಿ ಸೇರಿಸಿ ತೂಗಿದರೂ 400 ಗ್ರಾಂ ಆಸುಪಾಸು. ಮೂರನ್ನೂ ಸೇರಿಸಿ 699 ರೂಪಾಯಿಗೆ ಒಂದು ಸೆಟ್ ಮಾಡಿದೆವು. ಮಾಡುವ ಖರ್ಚು 270, ಪ್ಯಾಕಿಂಗ್ 25, ಶುಲ್ಕ ಮತ್ತು ತೆರಿಗೆ 118, ಕೊರಿಯರ್ 45. ಉಳಿಯುವುದು 241. ಬಿಡಿ ಗಿಲಕಿಯನ್ನು ಮಾರುಕಟ್ಟೆಯಿಂದ ತೆಗೆದೇಬಿಟ್ಟೆ. ಚಿಕ್ಕ ಸಾಮಾನು ಆನ್‌ಲೈನ್‌ನಲ್ಲಿ ಬಿಡಿಯಾಗಿ ಮಾರುವವರು ಯಾರೇ ಇರಲಿ, ಮೊದಲು ಟೇಪು ತಗೊಂಡು ಡಬ್ಬಿ ಅಳೆಯಿರಿ ಅಂತ ನಾನು ಕೈ ಹಿಡಿದು ಹೇಳುತ್ತೇನೆ.

ಆಮೇಲೆ ವಾಪಸ್ ಬರುವ ಮಾಲಿನ ಕಡೆ ತಿರುಗಿದೆ. ಗಿರಾಕಿಗಳು ಬರೆದ ಕಾರಣ ಒಂದೊಂದಾಗಿ ಓದಿದೆ. ಹೆಚ್ಚಿನವು ಎರಡೇ: "ಫೋಟೋದಲ್ಲಿ ದೊಡ್ಡದಾಗಿ ಕಂಡಿತ್ತು", "ಬಣ್ಣ ಬೇರೆ ಇದೆ". ಎರಡೂ ನನ್ನ ಫೋಟೋದ ತಪ್ಪು. ಅರಗಿನ ಮೇಲ್ಮೈ ಕನ್ನಡಿ ಥರ ಹೊಳೆಯುತ್ತದೆ. ಫ್ಲಾಶ್ ಹಾಕಿದರೆ ಹಳದಿ ಬೆಳ್ಳಗೆ ಕಾಣುತ್ತದೆ, ಟ್ಯೂಬ್‌ಲೈಟ್ ಕೆಳಗೆ ಕೆಂಪು ಮಂಕಾಗುತ್ತದೆ. ಈಗ ಬೆಳಗ್ಗೆ ಹತ್ತರ ಹೊತ್ತಿಗೆ, ಬಿಸಿಲು ನೇರ ಬೀಳದ ಕಿಟಕಿ ಪಕ್ಕ, ಬಿಳಿ ಪಂಚೆ ಹಾಸಿ ತೆಗೆಯುತ್ತೇನೆ. ಕಿಟಕಿಗೆ ಇನ್ನೊಂದು ತೆಳು ಬಿಳಿ ಬಟ್ಟೆ ಕಟ್ಟಿದರೆ ಹೊಳಪಿನ ಚುಕ್ಕೆ ಹರಡಿಕೊಂಡು ನಿಜವಾದ ಬಣ್ಣ ಕಾಣುತ್ತದೆ. ಎರಡನೇ ಫೋಟೋ ಯಾವಾಗಲೂ ಅಪ್ಪನ ಅಂಗೈ ಮೇಲೆ ಗಿಲಕಿ ಇಟ್ಟದ್ದು. ಎಷ್ಟು ಸೆಂಟಿಮೀಟರ್ ಅಂತ ಬರೆದರೆ ಯಾರೂ ಓದುವುದಿಲ್ಲ, ಕೈ ನೋಡಿದರೆ ಅಳತೆ ತಾನೇ ಗೊತ್ತಾಗುತ್ತದೆ ಅಲ್ವಾ? ಆ ಒಂದು ಫೋಟೋ ಬಂದ ಮೇಲೆ "ಚಿಕ್ಕದು" ಅನ್ನುವ ದೂರು ಹೆಚ್ಚುಕಡಿಮೆ ನಿಂತೇ ಹೋಯಿತು.

ಬೇಸಿಗೆಯಲ್ಲಿ ಇನ್ನೊಂದು ಥರದ ವಾಪಸ್ ಶುರುವಾಯಿತು. ಗಿಲಕಿಯ ಮೇಲೆ ಸಣ್ಣ ಸಣ್ಣ ಗುಂಡನೆಯ ಗುರುತು. ಬಿಸಿಲಲ್ಲಿ ಕೊರಿಯರ್ ಗಾಡಿಯೊಳಗೆ ಅರಗು ಮೆತ್ತಗಾಗಿ, ನಾವು ಸುತ್ತಿದ್ದ ಗುಳ್ಳೆ ಪ್ಲಾಸ್ಟಿಕ್ಕಿನ ಅಚ್ಚು ಅದರ ಮೇಲೆ ಮೂಡಿತ್ತು. ಈಗ ಪ್ರತಿ ತುಂಡಿಗೂ ಮೊದಲು ತೆಳು ಕಾಗದ, ಆಮೇಲೆ ಸುಕ್ಕು ರಟ್ಟು. ಪ್ಲಾಸ್ಟಿಕ್ ಅರಗನ್ನು ಮುಟ್ಟುವುದೇ ಇಲ್ಲ.

ಮಾರುಕಟ್ಟೆಯಲ್ಲಿ ಜನ ಹುಡುಕುವ ರೀತಿಯನ್ನೂ ನಾನು ತಪ್ಪು ತಿಳಿದಿದ್ದೆ. ನಮ್ಮ ಬ್ರಾಂಡಿನ ಹೆಸರು, ಆಮೇಲೆ ಚನ್ನಪಟ್ಟಣ, ಕೊನೆಗೆ ಗಿಲಕಿ ಅಂತ ಶೀರ್ಷಿಕೆ ಕೊಟ್ಟಿದ್ದೆ. ಮಗು ಹುಟ್ಟಿದ ಮನೆಯವರು ಹುಡುಕುವಾಗ ಬರೆಯುವುದು `wooden rattle for newborn` ಅಂತ. `channapatna toys` ಅಂತ ಬರೆಯುವವರು ನಮ್ಮೂರಿನ ಹೆಸರು ಮೊದಲೇ ಕೇಳಿದವರು, ಅವರು ಕಡಿಮೆ. ಅದಕ್ಕೇ ವಸ್ತು ಮೊದಲು, ಊರು ಆಮೇಲೆ, ನಮ್ಮ ಹೆಸರು ಕೊನೆಗೆ ಹಾಕಿದೆ.

ಊರಿನ ಹೆಸರು ಬೇರೆ ಒಂದು ಕಡೆ ನಮ್ಮನ್ನು ಉಳಿಸಿತು. 2021ರ ಜನವರಿಯಿಂದ ಸರ್ಕಾರದ ಆದೇಶದಂತೆ ಆಟಿಕೆಗಳಿಗೆ ಬಿಐಎಸ್ ಗುಣಮಟ್ಟದ ಗುರುತು ಕಡ್ಡಾಯ. ಆ ಕಾರಣ ಹೇಳಿ ಮಾರುಕಟ್ಟೆಯವರು ನಮ್ಮ ಆಟಿಕೆಗಳನ್ನು ತೆಗೆದುಬಿಟ್ಟರು. ಆದರೆ ಕರಕುಶಲ ಅಭಿವೃದ್ಧಿ ಆಯುಕ್ತರ ಕಚೇರಿಯಲ್ಲಿ ನೋಂದಾಯಿಸಿದ ಕುಶಲಕರ್ಮಿಗಳು ತಾವೇ ಮಾಡಿ ಮಾರುವ ಆಟಿಕೆಗೆ ಆ ಆದೇಶದಲ್ಲಿ ವಿನಾಯಿತಿ ಇದೆ. ಜಿಐ, ಅಂದರೆ ಊರಿನ ಹೆಸರಿಗೆ ಸಿಗುವ ಭೌಗೋಳಿಕ ಗುರುತು ಇರುವ ಆಟಿಕೆಯ ಅಧಿಕೃತ ಬಳಕೆದಾರರಿಗೂ ಇದೆ. ಕುಶಲಕರ್ಮಿ ಅಂತ ಅಪ್ಪನಿಗೆ ಕೊಟ್ಟ ಪೆಹಚಾನ್ ಕಾರ್ಡು, ಜಿಐ ಬಳಕೆದಾರರ ಪತ್ರ, ಆದೇಶದ ತಿದ್ದುಪಡಿಯ ಪ್ರತಿ ಮೂರನ್ನೂ ಒಟ್ಟಿಗೆ ಕಳಿಸಿದ ಮೇಲೆ ಆಟಿಕೆಗಳು ಮತ್ತೆ ಮಾರಾಟಕ್ಕೆ ಬಂದವು. ಒಂದು ಮಾತು: ವಿನಾಯಿತಿ ಅಂದರೆ ಪರೀಕ್ಷೆ ಪಾಸಾಗಿದೆ ಅಂತ ಅಲ್ಲ. ಅದಕ್ಕೇ "ಸಂಪೂರ್ಣ ಸುರಕ್ಷಿತ" ಅಂತ ನಾನು ಎಲ್ಲೂ ಬರೆಯುವುದಿಲ್ಲ. ಏನು ಹಾಕಿದ್ದೇವೆ ಅಂತ ಬರೆಯುತ್ತೇನೆ: ಆಲೆ ಮರ, ಅರಗು, ಅರಿಶಿನದಂಥ ಗಿಡಮೂಲದ ಬಣ್ಣ. ಬುಗುರಿ ಮೂರು ವರ್ಷ ದಾಟಿದ ಮಕ್ಕಳಿಗೆ ಅಂತಲೂ ಬರೆಯುತ್ತೇನೆ.

ಇನ್‌ಸ್ಟಾಗ್ರಾಂಗೆ ಮೊದಲು ಹಾಕುತ್ತಿದ್ದದ್ದು ಸುಮ್ನೆ ಆಟಿಕೆಯ ಫೋಟೋ, ಬೆಲೆ. ಮೂರು ಸಾವಿರ ರೂಪಾಯಿ ಕೊಟ್ಟು ಜಾಹೀರಾತೂ ಓಡಿಸಿದೆ. ಲೈಕ್ ಬಂದವು, ಗಿರಾಕಿ ಬರಲಿಲ್ಲ. ಒಂದು ದಿನ ಅಪ್ಪ ಕೆಲಸ ಮಾಡುವಾಗ ಫೋನ್ ಹಿಡಿದೆ. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತುತ್ತಾರೆ. ಉಜ್ಜಿದ ಶಾಖಕ್ಕೆ ಅರಗು ಕರಗಿ, ಬಿಳಿ ಮರದ ಮೇಲೆ ಕೆಂಪು ಹರಿದುಕೊಂಡು ಹೋಗುತ್ತದೆ. ಆಮೇಲೆ ತಾಳೆಗರಿ ಹಿಡಿದರೆ ಮಂಕಾಗಿದ್ದದ್ದು ಫಳಫಳ ಹೊಳೆಯುತ್ತದೆ. ಹದಿನೆಂಟು ಸೆಕೆಂಡ್. ಹಾಡು ಹಾಕಲಿಲ್ಲ, ಲೇತ್ ಸದ್ದೇ ಇತ್ತು. ಅರಗು ಮರಕ್ಕೆ ತಾಗುವ ಕ್ಷಣವನ್ನೇ ಮೊದಲ ಸೆಕೆಂಡಿಗೆ ಇಟ್ಟೆ. ಅದನ್ನು ನಾಲ್ಕು ಲಕ್ಷ ಸಲ ನೋಡಿದರು.

ಆದರೆ ಅದೇ ನಮಗೆ ಮುಳುವಾಯಿತು. ಮೂರು ದಿನದಲ್ಲಿ 310 ಸೆಟ್ ಆರ್ಡರ್. ಕಪಾಟಿನಲ್ಲಿದ್ದದ್ದು 90. ಮಾರುಕಟ್ಟೆಯ ಖಾತೆಯಲ್ಲಿ ಸ್ಟಾಕ್ 500 ಅಂತ ನಾನೇ ಬರೆದಿಟ್ಟಿದ್ದೆ. ಅಪ್ಪ, ಪಕ್ಕದ ಬೀದಿಯ ಇಬ್ಬರು ಸೇರಿ ದುಡಿದರೂ ದಿನಕ್ಕೆ 30 ಸೆಟ್ ಮೇಲೆ ಆಗದು. "ಹೊಸದಾಗಿ ಬಂದ ಮರ ಇದೆಯಲ್ಲಪ್ಪ, ಅದನ್ನೇ ತಿರುಗಿಸೋಣ" ಅಂದೆ. ಅಪ್ಪ ಆ ದಿಮ್ಮಿಯ ಮೇಲೆ ಉಗುರು ಒತ್ತಿ ತೋರಿಸಿದರು. ಉಗುರಿನ ಗುರುತು ಹಾಗೇ ನಿಂತಿತು. "ಹಸಿ ಇದೆ ಕಣಮ್ಮ. ಒಣಗುವಾಗ ಬಿರುಕು ಬಿಡತ್ತೆ, ಅರಗು ಚಕ್ಕೆ ಏಳತ್ತೆ. ನಮ್ಮ ಹೆಸರು ಹೋಗತ್ತೆ" ಅಂದರು. ಅರ್ಧದಷ್ಟು ಆರ್ಡರ್ ತಡವಾದವು, ಎಷ್ಟೋ ರದ್ದಾದವು. ಮಾರುಕಟ್ಟೆಯಲ್ಲಿ ನಮ್ಮ ಆಟಿಕೆಗಳು ಎರಡು ವಾರ ಕಾಣಿಸಲೇ ಇಲ್ಲ.

ಅಲ್ಲಿಂದ ಮುಂದೆ ಲೇತ್ ಪಕ್ಕದ ಗೋಡೆಗೆ ಒಂದು ಹಾಳೆ ಅಂಟಿಸಿದ್ದೇವೆ. ಪ್ರತಿ ಸೋಮವಾರ ಅಪ್ಪ ಅದರಲ್ಲಿ ಈ ವಾರ ಎಷ್ಟು ಸೆಟ್ ಆಗುತ್ತದೆ ಅಂತ ಬರೆಯುತ್ತಾರೆ. ಕಪಾಟಿನಲ್ಲಿ ಎಣಿಸಿದಷ್ಟನ್ನು ಮಾತ್ರ ನಾನು ಮಾರುಕಟ್ಟೆಗೆ ಏರಿಸುತ್ತೇನೆ, ಅದರಲ್ಲೂ ಕಾಲು ಭಾಗ ನೇರ ವಾಟ್ಸಾಪ್‌ನಲ್ಲಿ ಕೊಳ್ಳುವ ಗಿರಾಕಿಗಳಿಗೆ ಎತ್ತಿಡುತ್ತೇನೆ. ಕಪಾಟು ಖಾಲಿ ಇದ್ದ ವಾರ ರೀಲ್ ಹಾಕುವುದಿಲ್ಲ, ತೆಗೆದು ಇಟ್ಟುಕೊಳ್ಳುತ್ತೇನೆ.

ವಾಟ್ಸಾಪ್‌ನಲ್ಲಿ ಅದೇ ಸೆಟ್ ಮಾರಿದರೆ ಸುಮಾರು 300 ರೂಪಾಯಿ ಉಳಿಯುತ್ತದೆ. ಆದರೆ ಒಬ್ಬೊಬ್ಬರ ಜೊತೆ ಹತ್ತು ಹದಿನೈದು ನಿಮಿಷ ಮಾತಾಡಬೇಕು. "ಮಗು ಬಾಯಿಗೆ ಹಾಕ್ಕೊಂಡ್ರೆ ಬಣ್ಣ ಬಿಡತ್ತಾ?", "ತೊಳೀಬಹುದಾ?" ಇವಕ್ಕೆ ಚಿಕ್ಕ ವಿಡಿಯೋ ಮಾಡಿಟ್ಟಿದ್ದೇನೆ: ಒದ್ದೆ ಬಿಳಿ ಬಟ್ಟೆಯಲ್ಲಿ ಗಿಲಕಿ ಒರೆಸಿ ಬಟ್ಟೆ ತೋರಿಸುತ್ತೇನೆ, ನೀರಲ್ಲಿ ನೆನೆಹಾಕಬೇಡಿ ಅಂತ ಹೇಳುತ್ತೇನೆ. ಹಳೆಯ ಗಿರಾಕಿಗಳಿಗೆ ಬ್ರಾಡ್‌ಕಾಸ್ಟ್ ಕಳಿಸುವಾಗ ಒಂದು ತೊಡಕಿದೆ. ನಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ ಅದು ತಲುಪುತ್ತದೆ. ಅದಕ್ಕೇ ಆರ್ಡರ್ ಮುಗಿಯುವಾಗಲೇ "ನಂಬರ್ ಸೇವ್ ಮಾಡ್ಕೊಳ್ಳಿ, ದಸರಾ ಗೊಂಬೆ ಬಂದಾಗ ಫೋಟೋ ಕಳಿಸ್ತೀನಿ" ಅಂತ ಕೇಳುತ್ತೇನೆ. ಮಾರುಕಟ್ಟೆಯ ಪಾರ್ಸೆಲ್‌ನಲ್ಲಿ ಮಾತ್ರ ನಂಬರ್ ಹಾಕುವಂತಿಲ್ಲ, ನಿಯಮಕ್ಕೆ ವಿರುದ್ಧ. ಅದರಲ್ಲಿ ಆಟಿಕೆ ನೋಡಿಕೊಳ್ಳುವ ಬಗೆ ಬರೆದ ಚೀಟಿ, ನಮ್ಮ ಬ್ರಾಂಡಿನ ಹೆಸರು ಅಷ್ಟೇ ಇರುತ್ತದೆ. ಇಷ್ಟವಾದವರು ಹುಡುಕಿಕೊಂಡು ಬರುತ್ತಾರೆ.

ಜಾಹೀರಾತಿಗೆ ಈಗ ವರ್ಷಕ್ಕೆ ಒಂದೇ ಸಲ ದುಡ್ಡು ಹಾಕುತ್ತೇನೆ. ನವರಾತ್ರಿಗೆ ಐದು ವಾರ ಮುಂಚೆ, ಬೆಂಗಳೂರು, ಮೈಸೂರಿನವರಿಗೆ ಮಾತ್ರ, ಒತ್ತಿದರೆ ನೇರ ವಾಟ್ಸಾಪ್ ತೆರೆಯುವ ಹಾಗೆ. ಗೊಂಬೆ ಕೂರಿಸುವ ಮನೆಯವರು ಹಬ್ಬದ ಹಿಂದಿನ ದಿನ ಕೊಳ್ಳುವುದಿಲ್ಲ, ಮೊದಲೇ ಕೊಳ್ಳುತ್ತಾರೆ. ಆ ಗೊಂಬೆಗೆ ಬೇಕಾದ ಮರ ಒಣಗಲು ಎರಡು ಮೂರು ತಿಂಗಳು ಬೇಕು, ಮಳೆಗಾಲದಲ್ಲಿ ಇನ್ನೂ ಜಾಸ್ತಿ. ಹಾಗಾಗಿ ನಮ್ಮ ದಸರಾ ಪ್ರಚಾರ ಶುರುವಾಗುವುದು ಫೆಬ್ರುವರಿಯಲ್ಲಿ ಮರ ಕೊಳ್ಳುವಾಗಲೇ. ಈ ಸಲದ ಮರ ಹಿತ್ತಲಿನ ನೆರಳಲ್ಲಿ ಪೇರಿಸಿದ್ದಾಗಿದೆ. ಮೊನ್ನೆ ಅಪ್ಪ ಅದರ ಮೇಲೆ ಉಗುರು ಒತ್ತಿ ನೋಡಿ, ಗೋಡೆಯ ಹಾಳೆಯಲ್ಲಿ "ಇನ್ನೂ ಇಲ್ಲ" ಅಂತ ಬರೆದಿದ್ದಾರೆ.